ಮಂದ ಬೆಳಕಲ್ಲಿ ಫೋಕಸ್ ತಡಕಾಟ

"ದೇವರ ಮನೆಯ ದೀಪದ ಬೆಳಕಲ್ಲಿ ಫೋಕಸ್ ಹಿಂದೆ ಮುಂದೆ ಓಡಾಡ್ತಾನೇ ಇರುತ್ತೆ. ಫೋನ್ ಕ್ಯಾಮೆರಾ ಹಾಳಾಗಿದೆಯಾ?"

ಹಗಲಲ್ಲಿ ಥಟ್ಟನೆ ಫೋಕಸ್ ಆಗ್ತಿದ್ರೆ ಹಾಳಾಗಿರಲಿಕ್ಕಿಲ್ಲ. ಫೋನು ಬೇಗ ಫೋಕಸ್ ಮಾಡೋದು ಫೇಸ್ ಡಿಟೆಕ್ಷನ್‌ನಿಂದ; ಇದು ಮುಖ ಗುರುತಿಸುವ ಫೇಸ್ ಅಲ್ಲ, phase. ಇದರಲ್ಲಿ ಸೆನ್ಸರ್‌ನ ಕೆಲವು ಪಿಕ್ಸೆಲ್‌ಗಳು ಲೆನ್ಸಿನ ಎಡಬದಿಯ ಬೆಳಕನ್ನು ನೋಡುತ್ತವೆ, ಕೆಲವು ಬಲಬದಿಯದನ್ನು. ಫೋಕಸ್ ತಪ್ಪಿದ್ದರೆ ಎರಡೂ ಚಿತ್ರಗಳು ಒಂದಕ್ಕೊಂದು ಸರಿದಿರುತ್ತವೆ. ಎಷ್ಟು, ಯಾವ ಕಡೆ ಅಂತ ನೋಡಿದರೆ ಲೆನ್ಸನ್ನು ಎಲ್ಲಿಗೆ ಸರಿಸಬೇಕೆಂದು ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಬೆಳಕು ಕಡಿಮೆಯಾದರೆ ಎರಡೂ ಚಿತ್ರಗಳಲ್ಲಿ ನಾಯ್ಸ್, ಅಂದರೆ ಕಾಳು ಕಾಳಾದ ಚುಕ್ಕೆಗಳು, ಜಾಸ್ತಿ, ಹೋಲಿಕೆ ಸಿಗೋದಿಲ್ಲ. ಆಗ ಫೋನು ಕಾಂಟ್ರಾಸ್ಟ್ ನೋಡುವ ಹಳೇ ದಾರಿ ಹಿಡಿಯುತ್ತದೆ. ಲೆನ್ಸ್ ಸ್ವಲ್ಪ ಸ್ವಲ್ಪ ಸರಿಯುತ್ತಾ, ಚಿತ್ರ ಸ್ಪಷ್ಟವಾಗುವ ಜಾಗ ದಾಟಿ, ಮಸುಕಾದ ಮೇಲೆ ವಾಪಸ್ ಬರುತ್ತದೆ. ನೀವು ನೋಡ್ತಿರೋ ಓಡಾಟ ಇದೇ. ನಾಯ್ಸ್ ಕೂಡ ಅಂಚಿನಂತೆ ಕಾಣೋದರಿಂದ ಅದು ಮುಗಿಯೋದೇ ಇಲ್ಲ.

ಲೇಸರ್ ಇರುವ ಫೋನು ತಾನೇ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಮರಳುವ ಸಮಯದಿಂದ ದೂರ ಅಳೆಯುತ್ತದೆ. ಕತ್ತಲಲ್ಲೂ ನಡೆಯುತ್ತದೆ, ಆದರೆ ಕೆಲವೇ ಮೀಟರ್. ಕಿಟಕಿ ಗಾಜು ಅಡ್ಡ ಬಂದರೆ ಮೋಸ ಹೋಗುತ್ತದೆ.

ನಾನು ಒಮ್ಮೆ ಸ್ಕ್ರೀನಲ್ಲಿ ಕಪ್ಪು ರೇಷ್ಮೆ ಸೀರೆಯ ಮೇಲೆ ಒತ್ತಿ ಒತ್ತಿ ಸೋತೆ. ಹೊಳೆಯೋ ಜರಿ ಅಂಚಿನ ಮೇಲೆ ಒತ್ತಿ ಹಿಡಿದೆ, ಫೋಕಸ್ ಲಾಕ್ ಆಯ್ತು. ನೀವು ದೀಪದ ಕಂಬದ ಅಂಚಿನ ಮೇಲೆ ಒತ್ತಿ ಹಿಡಿಯಿರಿ, ಜ್ವಾಲೆಯ ಮೇಲಲ್ಲ.