ಟ್ರೈಪಾಡ್ ಬೇಡ, ಎರಡು ಪುಸ್ತಕದ ರಾಶಿ ಸಾಕು

ಪ್ರಶ್ನೆ: ಸೈನ್ಸ್ ಪ್ರಾಜೆಕ್ಟ್‌ಗೆ ಫೋನಲ್ಲೇ ಕೋಶ ವಿಭಜನೆಯ ಸ್ಟಾಪ್ ಮೋಷನ್ ವಿಡಿಯೋ ಮಾಡಬೇಕು, 2 ನಿಮಿಷದ್ದು. ಕ್ಲೇ ಕ್ರೋಮೋಸೋಮ್‌ಗಳು ರೆಡಿ ಇವೆ. ಸ್ಟೋರಿಬೋರ್ಡ್ ಬರೆಯಲೇಬೇಕಾ? ಫೋನ್ ಅಲ್ಲಾಡದ ಹಾಗೆ ಯಾವ ಟ್ರೈಪಾಡ್ ತಗೊಂಡರೆ ಒಳ್ಳೇದು?

ನಾನು ಮಾಡಿದ್ದೂ ಇದನ್ನೇ. ಅದೇ ಮೈಟಾಸಿಸ್, ಅದೇ ಬಣ್ಣದ ಕ್ಲೇ. ಟ್ರೈಪಾಡ್ ಕೂಡ ಇತ್ತು. ವಿಡಿಯೋ ಹಾಳಾದದ್ದೇ ಅದರಿಂದ.

ಕೋಶ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಹಾಗಾಗಿ ಫೋನ್ ಮೇಲಿಂದ ನೇರ ಕೆಳಕ್ಕೆ ನೋಡಬೇಕು. ನಾನು ಟ್ರೈಪಾಡ್‌ನ ಕತ್ತನ್ನು ಅಡ್ಡ ಬಗ್ಗಿಸಿ, ಕ್ಲಿಪ್‌ಗೆ ಫೋನ್ ಸಿಕ್ಕಿಸಿ, ಸ್ಕ್ರೂ ಗಟ್ಟಿಯಾಗಿ ತಿರುಗಿಸಿದೆ. ಆ್ಯಪ್‌ನಲ್ಲಿ ಆನಿಯನ್ ಸ್ಕಿನ್ ಆನ್ ಇತ್ತು. ಹಿಂದಿನ ಫೋಟೋವನ್ನು ಮಸುಕಾಗಿ ತೋರಿಸುತ್ತದಲ್ವಾ, ಅದು. ಪ್ರತಿ ಸಲ ನೋಡಿದೆ, ಪ್ರತಿ ಸಲ ಕೋಶದ ಅಂಚು ಸರಿಯಾಗಿ ಕೂತಿತ್ತು. ಕೊನೆಗೆ ಪೂರ್ತಿ ಓಡಿಸಿ ನೋಡಿದರೆ ಕೋಶ ಮೆಲ್ಲಗೆ ಪರದೆಯ ಮೇಲಕ್ಕೆ ತೇಲಿಕೊಂಡು ಹೋಗುತ್ತಿದೆ!

ಆಗಿದ್ದು ಇಷ್ಟು. ಅಡ್ಡ ಚಾಚಿದ ಕ್ಲಿಪ್‌ನ ತುದಿಯಲ್ಲಿ ಫೋನಿನ ಭಾರ ನೇತಾಡುತ್ತಿರುತ್ತದೆ. ಸ್ಕ್ರೂ ಎಷ್ಟೇ ಬಿಗಿ ಇದ್ದರೂ ಕೀಲು ಕೂದಲೆಳೆಯಷ್ಟು ಜಾರುತ್ತದೆ. ನಾನೋ ಪ್ರತಿ ಫೋಟೋಗೂ ಸ್ಕ್ರೀನ್ ಒತ್ತುತ್ತಿದ್ದೆ. ಅಂದರೆ ಪ್ರತಿ ಸಲವೂ ಕೆಳಕ್ಕೆ ಒಂದು ಸಣ್ಣ ತಳ್ಳು. ಫೋನ್ 40 ಸೆಂ.ಮೀ. ಎತ್ತರದಲ್ಲಿದ್ದು ಕೇವಲ 1 ಡಿಗ್ರಿ ವಾಲಿದರೂ ಮೇಜಿನ ಮೇಲೆ ಚಿತ್ರ 7 ಮಿ.ಮೀ. ಸರಿಯುತ್ತದೆ. ಆ 7 ಮಿ.ಮೀ. 200 ಫೋಟೋಗಳಲ್ಲಿ ಹಂಚಿಹೋದರೆ ಒಂದೊಂದಕ್ಕೆ 0.035 ಮಿ.ಮೀ. ಯಾವ ಕಣ್ಣಿಗೆ ಕಾಣುತ್ತದೆ ಹೇಳಿ? ಆನಿಯನ್ ಸ್ಕಿನ್ ತೋರಿಸುವುದು ಹಿಂದಿನ ಒಂದೋ ಎರಡೋ ಫೋಟೋವನ್ನು. ಮೊದಲ ಫೋಟೋವನ್ನಲ್ಲ. ಧಡಕ್ಕನೆ ಆದ ಅಲುಗಾಟವನ್ನು ಅದು ಹಿಡಿಯುತ್ತದೆ. ನಿಧಾನದ ಜಾರಾಟ ಅದಕ್ಕೆ ಕಾಣುವುದೇ ಇಲ್ಲ.

ಎಡಿಟಿಂಗ್‌ನಲ್ಲಿ ಚಿತ್ರವನ್ನು ವಾಪಸ್ ಕೆಳಗೆ ಎಳೆದರಾಯ್ತು ಅಂತ ನನಗೂ ಅನ್ನಿಸಿತ್ತು. ಎಳೆದೆ. ಆಗ ಇನ್ನೊಂದು ಹುಳುಕು ಹೊರಬಿತ್ತು. ಮೆಟಾಫೇಸ್‌ನಲ್ಲಿ ಕ್ರೋಮೋಸೋಮ್‌ಗಳನ್ನು ಕೋಶದ ನಡುವೆ ಸಾಲಾಗಿ ನಿಲ್ಲಿಸಬೇಕು. ನಾನು ನಿಲ್ಲಿಸಿದ್ದು ಸ್ಕ್ರೀನ್‌ನ ಗ್ರಿಡ್ ಗೆರೆ ನೋಡಿಕೊಂಡು. ಅಷ್ಟೊತ್ತಿಗೆ ಸ್ಕ್ರೀನ್‌ನ ನಡು ಬೇರೆ, ಕೋಶದ ನಡು ಬೇರೆ ಆಗಿತ್ತು. ಚಿತ್ರ ಎಷ್ಟು ಸರಿಸಿದರೂ ಕೋಶದ ಒಳಗೆ ಸಾಲು ಒಂದು ಧ್ರುವಕ್ಕೆ ಹತ್ತಿರ ನಿಂತಿತ್ತು. ಸಮವಾಗಿ ಒಡೆಯಬೇಕಾದ ಕೋಶ ಒಂದು ದೊಡ್ಡದು, ಒಂದು ಚಿಕ್ಕದು ಆಗಿ ಒಡೆದ ಹಾಗೆ ಕಂಡಿತು. ನೋಡಿದವರೆಲ್ಲ ಮೊದಲು ಕೇಳಿದ್ದೇ ಅದನ್ನು. ಕ್ಯಾಮೆರಾ ತಪ್ಪು ವಿಜ್ಞಾನದ ತಪ್ಪಾಗಿ ಕೂತಿತ್ತು. ಪೂರ್ತಿ ಮತ್ತೆ ತೆಗೆಯಬೇಕಾಯಿತು.

ಹಾಗಾಗಿ ಯಾವ ಟ್ರೈಪಾಡ್ ಅಂತ ಯೋಚಿಸಲೇಬೇಡಿ. ಮೇಲಿಂದ ಕೆಳಗೆ ನೋಡುವ ಶಾಟ್‌ಗೆ ಕೀಲು ಇರುವ ಯಾವ ವಸ್ತುವೂ ಬೇಡ. ಎರಡು ಕಡೆ ಒಂದೇ ಎತ್ತರಕ್ಕೆ ದಪ್ಪ ಪುಸ್ತಕ ಪೇರಿಸಿ, ಇಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೇದು. ಅವುಗಳ ಮೇಲೆ ಎರಡು ಗಟ್ಟಿ ಮರದ ಪಟ್ಟಿಗಳನ್ನು ಅಕ್ಕಪಕ್ಕ ಸೇತುವೆಯ ಹಾಗೆ ಇಡಿ, ನಡುವೆ ಲೆನ್ಸ್ ನೋಡುವಷ್ಟು ಸಂದು ಬಿಡಿ. ಫೋನನ್ನು ಬೆನ್ನು ಕೆಳಗೆ ಮಾಡಿ ಅದರ ಮೇಲೆ ಮಲಗಿಸಿ. ಸ್ಕ್ರೀನ್ ನಿಮ್ಮ ಕಡೆಗಿರುತ್ತದೆ. ಮಲಗಿರುವ ಫೋನ್ ವಾಲುವುದಿಲ್ಲ. ಫೋನ್, ಪಟ್ಟಿ, ಪುಸ್ತಕ, ಕೋಶದ ಕೆಳಗಿನ ಹಾಳೆ ಎಲ್ಲವನ್ನೂ ಟೇಪ್ ಹಾಕಿ ಬಂಧಿಸಿಬಿಡಿ. ಸುಮಾರು 40 ಸೆಂ.ಮೀ. ಎತ್ತರದಲ್ಲಿ ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾಗೆ ಒಂದು ಎ3 ಹಾಳೆ ಹೆಚ್ಚುಕಡಿಮೆ ಕಾಣುತ್ತದೆ. ಜೂಮ್ ಮುಟ್ಟಬೇಡಿ, ದೊಡ್ಡದಾಗಿ ಕಾಣಬೇಕಿದ್ದರೆ ಒಂದೆರಡು ಪುಸ್ತಕ ತೆಗೆಯಿರಿ. ತೀರಾ ಹತ್ತಿರಕ್ಕೆ ಹೋದರೆ ಕೆಲವು ಫೋನ್‌ಗಳು ತಾವಾಗಿಯೇ ಮ್ಯಾಕ್ರೋ ಲೆನ್ಸ್‌ಗೆ ಹಾರುತ್ತವೆ, ಚಿತ್ರವೇ ಬದಲಾಗಿಬಿಡುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಡಿ.

ಇಷ್ಟಾದರೂ ನಂಬಬೇಡಿ. ಹಾಳೆಯ ನಾಲ್ಕು ಮೂಲೆಗಳಲ್ಲಿ, ಚಿತ್ರದ ಅಂಚಿಗೆ ಹತ್ತಿರ, ಪೆನ್ಸಿಲ್‌ನಲ್ಲಿ ಸಣ್ಣ ಕೂಡು ಗುರುತು ಹಾಕಿ. ಫೋನ್ ಸ್ಕ್ರೀನ್ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಸ್ಕ್ರೀನ್‌ನಲ್ಲಿ ಆ ನಾಲ್ಕು ಗುರುತು ಎಲ್ಲಿ ಕಾಣುತ್ತವೋ ಅಲ್ಲಿ ತೆಳು ಮಾರ್ಕರ್‌ನಿಂದ ಚುಕ್ಕೆ ಇಡಿ. ಇದು ನಿಮ್ಮ ಮೊದಲ ಫೋಟೋದ ಸಾಕ್ಷಿ. ಹತ್ತು ಫೋಟೋಗೊಮ್ಮೆ ನೇರ ಮೇಲಿಂದ, ಒಂದು ಕಣ್ಣು ಮುಚ್ಚಿ ನೋಡಿ. ಓರೆಯಿಂದ ನೋಡಿದರೆ ಸರಿಯಿದ್ದದ್ದೂ ತಪ್ಪಾಗಿ ಕಾಣುತ್ತದೆ. ನಾಲ್ಕು ಗುರುತುಗಳೂ ಚುಕ್ಕೆಗಳಿಂದ ಒಂದೇ ಕಡೆಗೆ ಸರಿದಿದ್ದರೆ ಫೋನೋ ಹಾಳೆಯೋ ಜಾರಿದೆ, ಇಲ್ಲವೇ ಫೋನ್ ಒಂಚೂರು ವಾಲಿದೆ. ಒಂದು ಬದಿಯವು ಒಂದಕ್ಕೊಂದು ಹತ್ತಿರವಾಗಿ ಇನ್ನೊಂದು ಬದಿಯವು ದೂರವಾಗಿದ್ದರೆ ಫೋನ್ ವಾಲಿರುವುದು ಖಚಿತ. ಕೋಶದ ನಡುಗೆರೆಯನ್ನೂ ಹಾಳೆಯ ಅಂಚಿನಲ್ಲೇ ಗುರುತಿಸಿ, ಕ್ರೋಮೋಸೋಮ್ ಇಡುವಾಗ ಆ ಗುರುತು ನೋಡಿ. ಸ್ಕ್ರೀನ್‌ನ ಗ್ರಿಡ್ ಆಫ್. ಈ ಗುರುತುಗಳು ವಿಡಿಯೋದಲ್ಲಿ ಉಳಿಯುತ್ತವಲ್ಲ ಅಂತೀರಾ? ಅಂಚನ್ನು ಕೊನೆಯಲ್ಲಿ ಕ್ರಾಪ್ ಮಾಡಿ. ಹೇಗೂ ಆ ಅಂಚು ಬೇಕಾಗುತ್ತದೆ. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಇರುವ ಕೆಲವು ಫೋನ್‌ಗಳಲ್ಲಿ ಫೋನ್ ಸ್ಥಿರವಾಗಿದ್ದರೂ ಒಳಗೆ ಲೆನ್ಸ್ ಒಂಚೂರು ಆಡುತ್ತದೆ.

ಸ್ಕ್ರೀನ್ ಮುಟ್ಟಿ ಫೋಟೋ ತೆಗೆಯಬೇಡಿ. ಬ್ಲೂಟೂತ್ ರಿಮೋಟ್ ಬಳಸಿ. ವೈರ್ ಇರುವ ಇಯರ್‌ಫೋನ್‌ನ ವಾಲ್ಯೂಮ್ ಬಟನ್ ಕೂಡ ಎಷ್ಟೋ ಫೋನ್‌ಗಳಲ್ಲಿ ಶಟರ್ ಆಗಿ ಕೆಲಸ ಮಾಡುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ. ರಿಮೋಟ್ ಇದ್ದರೆ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಚಾರ್ಜರ್ ಬೇಕಾಗಬಹುದು ಅನ್ನಿಸಿದರೆ ಮೊದಲೇ ಸಿಕ್ಕಿಸಿ ವೈರನ್ನು ಪಟ್ಟಿಗೆ ಟೇಪ್ ಮಾಡಿ. ನಡುವೆ ಸಿಕ್ಕಿಸಲು ಹೋದರೆ ಅಲ್ಲಿಗೆ ಮುಗಿಯಿತು.

ಬೆಳಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಕಿಟಕಿ ಬೆಳಕು ಬೇಡ, ಒಂದು ಮೋಡ ಬಂದರೂ ವಿಡಿಯೋ ಮಿನುಗುತ್ತದೆ. ಪರದೆ ಎಳೆದು ಎರಡು ಬದಿಯಿಂದ ಎರಡು ದೀಪ ಇಡಿ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಇಲ್ಲವಾದರೆ ನಿಮ್ಮ ಕೈ ಒಳಗೆ ಹೋಗಿ ಬಂದಾಗಲೆಲ್ಲ ಫೋನ್ ಹೊಸದಾಗಿ ಲೆಕ್ಕ ಹಾಕುತ್ತದೆ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಶಟರ್ 1/50 ಅಥವಾ 1/100 ಇಟ್ಟರೆ ದೀಪದ ಮಿನುಗು ಫೋಟೋಗೆ ಬರುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡು ಕೂರಬೇಡಿ, ಅದರ ಬೆಳಕೂ ಕ್ಲೇ ಮೇಲೆ ಬೀಳುತ್ತದೆ.

ಇನ್ನು ಸ್ಟೋರಿಬೋರ್ಡ್. ಬರೆಯಲೇಬೇಕು. ಕ್ಲೇ ಕಲಸುವ ಮೊದಲೇ ಬರೆಯಬೇಕಿತ್ತು. ನಿಮ್ಮ ಕ್ರೋಮೋಸೋಮ್‌ಗಳು ರೆಡಿ ಅಂದಿರಲ್ಲ, ಒಂದನ್ನು ಕೈಗೆತ್ತಿಕೊಂಡು ನೋಡಿ. ಒಂದೇ ತುಂಡಿನ ಎಕ್ಸ್ ಆಕಾರ ಇದೆಯಾ? ಹಾಗಿದ್ದರೆ ಅದು ಅನಾಫೇಸ್‌ನಲ್ಲಿ ಕೈ ಕೊಡುತ್ತದೆ. ಅಲ್ಲಿ ಎರಡು ಕ್ರೊಮ್ಯಾಟಿಡ್‌ಗಳು ಬೇರೆಯಾಗಿ ಎದುರುಬದುರು ಧ್ರುವಗಳಿಗೆ ಹೋಗಬೇಕು, ನೀವು ಕ್ಯಾಮೆರಾ ಮುಂದೆ ಚಾಕು ಹಿಡಿದು ಕುಯ್ಯುತ್ತಾ ಕೂರಬೇಕಾಗುತ್ತದೆ. ಎರಡು ಎಳೆ ಬೇರೆಬೇರೆ ಮಾಡಿ ನಡುವೆ ಮಾತ್ರ ಒತ್ತಿ ಕೂಡಿಸಿ. ಬೇರೆಯಾದ ಮೇಲೆ ಎಳೆ ನೆಟ್ಟಗೆ ಹೋಗಬಾರದು. ಸ್ಪಿಂಡಲ್ ಎಳೆ ಹಿಡಿದಿರುವುದು ಸೆಂಟ್ರೊಮಿಯರ್ ಅನ್ನು. ಹಾಗಾಗಿ ನಡುಭಾಗ ಮುಂದೆ ಹೋಗುತ್ತದೆ, ತೋಳುಗಳೆರಡೂ ಹಿಂದೆ ಎಳೆದುಕೊಂಡು ಬರುತ್ತವೆ, 'ವಿ' ಆಕಾರ ಆಗುತ್ತದೆ. ಆ 'ವಿ'ಯ ಮೊನೆ ಧ್ರುವದ ಕಡೆಗೆ. ಇದು ಸ್ಟೋರಿಬೋರ್ಡ್‌ನ ಬಾಕ್ಸ್‌ನಲ್ಲಿ ಬರೆದಾಗಲೇ ಹೊಳೆಯುವುದು. ಕ್ಲೇ ಒಣಗದ ಜಾತಿಯದಾಗಿರಲಿ, ಒಣಗಿದ್ದು ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಚಿತ್ರ ಚೆನ್ನಾಗಿರಬೇಕಿಲ್ಲ. ಪ್ರತಿ ಬಾಕ್ಸ್ ಕೆಳಗೆ ಎಷ್ಟು ಸೆಕೆಂಡ್, ಎಷ್ಟು ಫೋಟೋ ಅಂತ ಇರಬೇಕು. ಅಷ್ಟೇ ಮುಖ್ಯ. ಮೊದಲು ವಿವರಣೆಯನ್ನು ಬರೆದು ಜೋರಾಗಿ ಓದಿ ಟೈಮ್ ನೋಡಿ, ಸೆಕೆಂಡ್‌ಗಳು ಅಲ್ಲಿಂದ ಬರಬೇಕು. 2 ನಿಮಿಷ ಅಂದಿರಿ, ಸೆಕೆಂಡಿಗೆ 12 ಫೋಟೋ ಇಟ್ಟರೂ 1440 ಆಗುತ್ತದೆ. ಬೇಡ. 30 ಸೆಕೆಂಡ್ ಮಾಡಿ, 360 ಫೋಟೋ. ನನ್ನ ಎರಡನೇ ಬೋರ್ಡ್ ಹೀಗಿತ್ತು: ಶುರುವಿನ ಕೋಶ 3 ಸೆಕೆಂಡ್, ಪ್ರೊಫೇಸ್ 10, ಮೆಟಾಫೇಸ್ 6, ಅನಾಫೇಸ್ 3, ಟೆಲೊಫೇಸ್ ಮತ್ತು ಕೋಶ ಎರಡಾಗುವುದು 8. ಎಲ್ಲಕ್ಕೂ ಸಮ ಹಂಚಬೇಡಿ. ನಿಜದ ಕೋಶದಲ್ಲೂ ಅನಾಫೇಸ್ ಬೇಗ ಮುಗಿಯುವ ಹಂತ. ನೋಡುವವರಿಗೂ ಅದು ಸರಕ್ಕನೆ ಆದ ಹಾಗೆ ಅನ್ನಿಸಬೇಕು. ಕ್ರೋಮೋಸೋಮ್ ನಾಲ್ಕು ಸಾಕು. ಮನುಷ್ಯನಲ್ಲಿ 46 ಇವೆ ಅಂತ ಅಷ್ಟನ್ನೂ ಸರಿಸಲು ಹೋದರೆ ಕೈಯೂ ಹೋಗುತ್ತದೆ, ತಲೆಯೂ ಹೋಗುತ್ತದೆ. ವಿಡಿಯೋದಲ್ಲಿ ಒಂದು ಸಾಲು ಹೇಳಿಬಿಡಿ.

ಸಂಖ್ಯೆ ಬರೆದಿಟ್ಟರೆ ಎಷ್ಟು ಸರಿಸಬೇಕು ಅನ್ನುವುದೂ ಸಿಗುತ್ತದೆ. ಅನಾಫೇಸ್‌ಗೆ 36 ಫೋಟೋ. ಮೊದಲ 6ರಲ್ಲಿ ಏನೂ ಸರಿಯುವುದಿಲ್ಲ, ಒತ್ತಿದ ನಡು ಬಿಟ್ಟುಕೊಳ್ಳುತ್ತದೆ ಅಷ್ಟೇ. ಉಳಿದ 30ರಲ್ಲಿ ಪ್ರತಿ ಎಳೆ 6 ಸೆಂ.ಮೀ. ಹೋಗಬೇಕು, ಅಂದರೆ ಸರಾಸರಿ ಫೋಟೋಗೆ 2 ಮಿ.ಮೀ. ಶುರುವಿನ 5 ಮತ್ತು ಕೊನೆಯ 5ರಲ್ಲಿ 1 ಮಿ.ಮೀ. ಇಟ್ಟು, ನಡುವಿನ 20ರಲ್ಲಿ 2.5 ಮಿ.ಮೀ. ಕೊಟ್ಟೆ. ಲೆಕ್ಕ ಸರಿಹೋಗುತ್ತದೆ, ಚಲನೆಯೂ ಎಳೆದ ಹಾಗೆ ಕಾಣುತ್ತದೆ, ಜಾರಿದ ಹಾಗಲ್ಲ. ಒಂದು ರಟ್ಟಿನ ತುಂಡಿನ ಮೇಲೆ ಈ ಅಳತೆಗಳನ್ನು ಗೆರೆ ಹಾಕಿಕೊಂಡು ಸ್ಕೇಲ್ ಆಗಿ ಬಳಸಿ.

ಶೂಟಿಂಗನ್ನು ಮೊದಲಿನಿಂದ ಶುರು ಮಾಡಬೇಡಿ. ಸೆಟಪ್ ಆದ ಮೇಲೆ ಯಾವುದನ್ನೂ ಸರಿಸದೆ ರಿಮೋಟ್‌ನಲ್ಲಿ 20 ಫೋಟೋ ತೆಗೆದು ಓಡಿಸಿ. ಮೂಲೆಯ ಗುರುತುಗಳು ನಡುಗಿದರೆ ಮೇಜನ್ನೋ ಟೇಪನ್ನೋ ಸರಿಮಾಡಿ. ಬೆಳಕು ಮಿನುಗಿದರೆ ಯಾವುದೋ ಲಾಕ್ ಆಗಿಲ್ಲ. ಅದು ಸರಿ ಬಂದರೆ ಮೊದಲು ಅನಾಫೇಸನ್ನು ಟ್ರಯಲ್ ಆಗಿ ತೆಗೆಯಿರಿ. ಎಲ್ಲಕ್ಕಿಂತ ಕಷ್ಟದ್ದು ಅದೇ, ಹಾಳಾದರೂ ಹೋಗುವುದು 36 ಫೋಟೋ ಮಾತ್ರ.