ಬಡ್ತಿ ಅರ್ಜಿಯಲ್ಲಿ ಮೇಲಿನ ಹುದ್ದೆಯ ಕೆಲಸವನ್ನು ತೋರಿಸುವ ಬಗೆ

ಪ್ರಶ್ನೆ: ದಾವಣಗೆರೆಯ ಪತ್ತಿನ ಸಹಕಾರ ಸಂಘದಲ್ಲಿ ಕಿರಿಯ ಸಹಾಯಕನಾಗಿದ್ದು, ಹಿರಿಯ ಸಹಾಯಕರ ಕೆಲಸವನ್ನೂ ಮಾಡುತ್ತಿದ್ದೇನೆ. ಬಡ್ತಿ ಸಮಿತಿಗೆ ಇದನ್ನು ಹೇಗೆ ಬರೆಯಲಿ?

ಉತ್ತರ: ಹೆಚ್ಚು ಕೆಲಸ ಮಾಡಿದ್ದಕ್ಕೂ ಮೇಲಿನ ದರ್ಜೆಯ ಕೆಲಸ ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನೇ ಸಮಿತಿ ಮೊದಲು ನೋಡುತ್ತದೆ. ದಿನಕ್ಕೆ ನಲವತ್ತು ರಸೀದಿ ಬರೆದೆ ಎಂಬುದು ಶ್ರಮವನ್ನಷ್ಟೇ ಹೇಳುತ್ತದೆ. ಸಾಲದ ಅರ್ಜಿಯ ದಾಖಲೆಗಳನ್ನು ಪರಿಶೀಲಿಸಿ ಶಿಫಾರಸಿನ ಟಿಪ್ಪಣಿ ಬರೆದೆ ಎಂಬುದು ತೀರ್ಮಾನದ ಹೊಣೆಯನ್ನು ಹೇಳುತ್ತದೆ. ಆದ್ದರಿಂದ ಹಿರಿಯ ಸಹಾಯಕರ ಕರ್ತವ್ಯಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ನೀವು ನಿಜವಾಗಿ ನಿರ್ವಹಿಸಿದ ಎರಡು ಮೂರು ಅಂಶಗಳನ್ನಷ್ಟೇ ಆರಿಸಿ, ಹೀಗೆ ಬರೆಯಿರಿ:

"ಹಿರಿಯ ಸಹಾಯಕರ ಹುದ್ದೆ ತೆರವಾದ ಜೂನ್ 2023ರಿಂದ ಚಿನ್ನದ ಸಾಲದ ಕಡತಗಳ ಪರಿಶೀಲನೆಯನ್ನು ಕಾರ್ಯದರ್ಶಿಯವರ ಕಚೇರಿ ಆದೇಶದಂತೆ ನಾನೇ ನಿರ್ವಹಿಸುತ್ತಿದ್ದು, ನನ್ನ ಕಿರುಸಹಿಯುಳ್ಳ ಟಿಪ್ಪಣಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ."

ಆದೇಶ ಬಾಯಿಮಾತಿನದಾಗಿದ್ದರೆ (ನಮ್ಮ ಕಡೆ ಬಹುಪಾಲು ಹಾಗೆಯೇ), ಅರ್ಜಿಗೆ ಮೊದಲೇ ಕಾರ್ಯದರ್ಶಿಯವರಿಂದ ದೃಢೀಕರಣ ಪತ್ರ ಪಡೆಯಿರಿ. ಶಿಫಾರಸು ಮಾಡಿದ್ದನ್ನು "ಸಾಲ ಮಂಜೂರು ಮಾಡಿದೆ" ಎಂದು ಮಾತ್ರ ಬರೆಯಬೇಡಿ, ಏಕೆಂದರೆ ಮಂಜೂರಾತಿ ಯಾರದೆಂಬುದು ನಡವಳಿ ಪುಸ್ತಕದಲ್ಲೇ ಇರುತ್ತದೆ ಮತ್ತು ಆ ಒಂದು ಪದ ಉಳಿದ ಸಾಲುಗಳನ್ನೂ ಅನುಮಾನಕ್ಕೆ ಒಡ್ಡುತ್ತದೆ.