ಅಸಲಿಗೆ ಶೇ 30 ಸೇರಿಸಿ ಮಾರಿದರೂ ಲಾಭ ಶೇ 23 ಮಾತ್ರ ಏಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಸೀರೆ ಅಂಗಡಿ ಇಟ್ಟಿದ್ದೇನೆ. ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಸೂರತ್‌ನಿಂದ ತರಿಸುವ ಸೀರೆ ಅಂಗಡಿಗೆ ಬಂದು ಬೀಳುವಷ್ಟರಲ್ಲಿ ಒಂದಕ್ಕೆ 800 ರೂ. ಆಗುತ್ತದೆ. ಅದಕ್ಕೆ ಶೇ 30 ಸೇರಿಸಿ 1,040ಕ್ಕೆ ಮಾರುತ್ತೇನೆ. ತಿಂಗಳಿಗೆ 3 ಲಕ್ಷ ವ್ಯಾಪಾರ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಸೇರಿ 66 ಸಾವಿರ ಖರ್ಚು. ಶೇ 30ರಂತೆ 90 ಸಾವಿರ ಬಂದು, ಖರ್ಚು ಕಳೆದು 24 ಸಾವಿರ ಉಳಿಯಬೇಕಲ್ಲ? ಮೂರು ಸಾವಿರ ಉಳಿದರೆ ಹೆಚ್ಚು. ಅಕೌಂಟೆಂಟರು ‘ನಿಮ್ಮ ಮಾರ್ಜಿನ್ ಶೇ 23’ ಅನ್ನುತ್ತಾರೆ. ದುಡ್ಡು ಎಲ್ಲಿ ಸೋರುತ್ತಿದೆ? ದಸರಾಕ್ಕೆ ಶೇ 20 ರಿಯಾಯಿತಿ ಕೊಡಬಹುದೇ?

ಉತ್ತರ: ದುಡ್ಡು ಎಲ್ಲೂ ಸೋರುತ್ತಿಲ್ಲ, ಅದು ಬಂದೇ ಇಲ್ಲ. ನೀವು ಶೇ 30 ಹಾಕಿದ್ದು 800ರ ಮೇಲೆ, ನಿರೀಕ್ಷಿಸಿದ್ದು 3 ಲಕ್ಷ ಮಾರಾಟದ ಮೇಲೆ. ಒಂದು ಸೀರೆಗೆ ಸಿಗುವುದು 240 ರೂ. ಅದನ್ನು ಅಸಲು 800ರಿಂದ ಭಾಗಿಸಿದರೆ ಶೇ 30, ಇದು ಮಾರ್ಕಪ್. ಮಾರಿದ ಬೆಲೆ 1,040ರಿಂದ ಭಾಗಿಸಿದರೆ ಶೇ 23.08, ಇದು ಮಾರ್ಜಿನ್. ಅಕೌಂಟೆಂಟರು ಹೇಳಿದ್ದು ಸರಿ. 3 ಲಕ್ಷದ ವ್ಯಾಪಾರದಲ್ಲಿ ಶೇ 23.08 ಅಂದರೆ ಸುಮಾರು 69,230 ರೂ. ಅದರಲ್ಲಿ 66 ಸಾವಿರ ಖರ್ಚು ಹೋದರೆ ಉಳಿಯುವುದು 3,230.

ಈ ಗೊಂದಲಕ್ಕೆ ಕಾರಣವಿದೆ. ಶಾಲೆಯಲ್ಲಿ ಎಲ್ಲರೂ ಲಾಭದ ಶೇಕಡಾವಾರನ್ನು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಲು ಕಲಿತಿರುತ್ತೇವೆ. ಅಂಗಡಿಯಲ್ಲಿ ಮಾತ್ರ ದಿನವೂ ಕಣ್ಣಿಗೆ ಬೀಳುವುದು ಗಲ್ಲಾಪೆಟ್ಟಿಗೆಯ ಮೊತ್ತ. ಬಾಡಿಗೆಗೆ ವ್ಯಾಪಾರದಲ್ಲಿ ಎಷ್ಟು ಪಾಲು ಹೋಯಿತು, ಸಂಬಳಕ್ಕೆ ಎಷ್ಟು ಹೋಯಿತು ಎಂದು ನೋಡುವುದೂ ಆ ಮೊತ್ತದಲ್ಲೇ. ನಿಮ್ಮ ಖರ್ಚು ಮಾರಾಟದ ಶೇ 22. ಅದನ್ನು ಅಸಲಿನ ಮೇಲಿನ ಶೇ 30ರಿಂದ ಕಳೆದು ಶೇ 8 ಉಳಿಯಿತು ಎನ್ನುವಂತಿಲ್ಲ. ಮಾರಾಟದ ಮೇಲಿನ ಶೇ 23.08ರಿಂದಲೇ ಕಳೆಯಬೇಕು. ಹಾಗೆ ಕಳೆದರೆ ಶೇ 1ಕ್ಕಿಂತ ಚೂರು ಹೆಚ್ಚು ಉಳಿಯುತ್ತದೆ.

ನಿಜವಾಗಿಯೂ ಶೇ 30 ಮಾರ್ಜಿನ್ ಬೇಕಿದ್ದರೆ ಅಸಲನ್ನು 0.70ರಿಂದ ಭಾಗಿಸಿ. ಮಾರಿದ ಪ್ರತಿ 100 ರೂಪಾಯಿಯಲ್ಲಿ 30 ನಿಮಗೆ ಉಳಿಯಬೇಕಾದರೆ ಅಸಲು 70 ಆಗಿರಲೇಬೇಕು, ಭಾಗಾಕಾರ ಬರುವುದು ಅದಕ್ಕೇ. 800 ÷ 0.70 = 1,142.86. ಚೀಟಿಯ ಮೇಲೆ 1,145 ಬರೆಯಿರಿ. ಅಸಲಿಗೆ ಹೋಲಿಸಿದರೆ ಇದು ಶೇ 43 ಮಾರ್ಕಪ್. ‘ಶೇ 43 ಹಾಕಿದೆ’ ಎಂದು ಕೇಳಿದಾಗ ದುಬಾರಿ ಅನ್ನಿಸಿ ಅನೇಕರು ಇಲ್ಲೇ ಹಿಂಜರಿಯುತ್ತಾರೆ. ಎಕ್ಸೆಲ್‌ನಲ್ಲಿ ಬೆಲೆಪಟ್ಟಿ ಮಾಡುವವರು B2ರಲ್ಲಿ ಅಸಲು, C2ರಲ್ಲಿ ಶೇಕಡಾವನ್ನು 30% ಎಂದು ಚಿಹ್ನೆ ಸಮೇತ ಇಟ್ಟು ಕೆಳಗಿನ ಎರಡು ಸೂತ್ರಗಳಲ್ಲಿ ಯಾವುದು ತಮ್ಮ ಹಾಳೆಯಲ್ಲಿದೆ ಎಂದು ನೋಡಿಕೊಳ್ಳಲಿ. ಮೊದಲನೆಯದು ಮಾರ್ಕಪ್, ಎರಡನೆಯದು ಮಾರ್ಜಿನ್:

```
=B2*(1+C2)
=B2/(1-C2)
```

ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ 100 ರೂ. ಅಸಲು, 125 ರೂ. ಮಾರಾಟ ಎಂದು ಒಂದು ನಕಲಿ ಐಟಂ ಹಾಕಿ ನೋಡಿ. ಲಾಭ ಶೇ 25 ಎಂದು ತೋರಿಸಿದರೆ ಅದು ಮಾರ್ಕಪ್ ಲೆಕ್ಕ, ಶೇ 20 ಎಂದರೆ ಮಾರ್ಜಿನ್.

ಬೆಲೆ 105 ರೂ. ಏರಿದರೆ ಗಿರಾಕಿ ಓಡಿಹೋಗುತ್ತಾರೆ ಎಂಬ ಭಯ ಸಹಜ. ಅದನ್ನೂ ಲೆಕ್ಕಕ್ಕೆ ಇಳಿಸಬಹುದು. ಈಗ ತಿಂಗಳಿಗೆ ಸುಮಾರು 288 ಸೀರೆ ಮಾರುತ್ತಿದ್ದೀರಿ, ಒಂದಕ್ಕೆ 240 ರೂ. ಲಾಭ. 1,145ಕ್ಕೆ ಮಾರಿದರೆ ಒಂದಕ್ಕೆ 345. ಆಗ 201 ಸೀರೆ ಮಾರಿದರೂ ಈಗಿನಷ್ಟೇ ದುಡ್ಡು ಬರುತ್ತದೆ, 261 ಮಾರಿದರೆ ನೀವು ಅಂದುಕೊಂಡಿದ್ದ 24 ಸಾವಿರ ಕೈಗೆ ಸಿಗುತ್ತದೆ. ಅಂದರೆ ನೂರರಲ್ಲಿ ಒಂಬತ್ತು ಗಿರಾಕಿ ಕೈಬಿಟ್ಟರೂ ನಿಮ್ಮ ಗುರಿ ತಪ್ಪುವುದಿಲ್ಲ.

ಪಕ್ಕದ ಅಂಗಡಿಯಲ್ಲಿ ಅದೇ ಸೀರೆ 1,040ಕ್ಕೆ ಸಿಗುತ್ತಿದ್ದು, ಬೆಲೆ ಏರಿಸಲು ಸಾಧ್ಯವೇ ಇಲ್ಲ ಎಂದಾದರೆ ಲೆಕ್ಕವನ್ನು ತಿರುವಿ ಹಾಕಿ. 1,040 × 0.70 = 728. ಶೇ 30 ಮಾರ್ಜಿನ್ ಬೇಕಿದ್ದರೆ ಸೀರೆ ನಿಮ್ಮ ಅಂಗಡಿಗೆ 728ರೊಳಗೆ ಬರಬೇಕು. ಸಗಟು ವ್ಯಾಪಾರಿಯ ಜತೆ ಚೌಕಾಸಿಗೆ ಕೂರುವ ಮೊದಲು ಈ ಅಂಕಿ ಗೊತ್ತಿರಲಿ. ಅದಕ್ಕಿಂತ ಎಷ್ಟು ಮೇಲೆ ಹೋದರೆ ನಿಮ್ಮ ಪಾಲು ಎಷ್ಟು ಕರಗುತ್ತದೆ ಎಂಬುದು ಆಗ ಸ್ಥಳದಲ್ಲೇ ತಿಳಿಯುತ್ತದೆ.

ಇನ್ನು ಆ 800 ಹೇಗೆ ಬಂತು ಎಂಬುದನ್ನೂ ಒಮ್ಮೆ ಬಿಡಿಸಿ ನೋಡಿ. ಉದಾಹರಣೆಗೆ, ಬಿಲ್ಲಿನಲ್ಲಿ ಸೀರೆಗೆ 740, ಅದರ ಮೇಲೆ ಶೇ 5 ಜಿಎಸ್‌ಟಿ 37, 40 ಸೀರೆಯ ಪಾರ್ಸಲ್‌ಗೆ ಸಾಗಣೆ ಮತ್ತು ಹಮಾಲಿ 920 ಕೊಟ್ಟಿದ್ದರೆ ಒಂದಕ್ಕೆ 23. ಒಟ್ಟು 800. ಬಿಲ್ಲಿನ 740ರ ಮೇಲಷ್ಟೇ ಶೇಕಡಾ ಹಾಕುವುದು ಇನ್ನೊಂದು ಮಾಮೂಲಿ ತಪ್ಪು. ಹಾಗೆ ಶೇ 30 ಸೇರಿಸಿದರೆ ಬೆಲೆ 962 ಆಗುತ್ತದೆ, ನಿಜವಾದ ಮಾರ್ಜಿನ್ ಶೇ 17ಕ್ಕಿಂತ ಕೆಳಗಿಳಿಯುತ್ತದೆ. ನೋಂದಣಿ ಇಲ್ಲದ ನಿಮಗೆ ಆ 37 ರೂ. ವಾಪಸು ಬರುವುದಿಲ್ಲ, ಆದ್ದರಿಂದ ಅದು ಅಸಲಿನ ಭಾಗವೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈಗ ನಿಮ್ಮ ವರ್ಷದ ವ್ಯಾಪಾರ 36 ಲಕ್ಷ. ಅಷ್ಟೇ ಸೀರೆಯನ್ನು 1,145ರಂತೆ ಮಾರಿದರೆ ಅದು 39.6 ಲಕ್ಷಕ್ಕೆ ಏರುತ್ತದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಒಂದು ಒಳ್ಳೆಯ ದೀಪಾವಳಿ ಬಂದರೆ ಗೆರೆ ದಾಟಿಬಿಡುತ್ತೀರಿ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಪಡೆದು ಬೇರೆ ರಾಜ್ಯಕ್ಕೆ ಸೀರೆ ಕಳಿಸುವುದಾದರಂತೂ ಈ ಮಿತಿಯ ರಕ್ಷಣೆ ಸಿಗುವುದಿಲ್ಲ, ಮೊದಲೇ ನೋಂದಣಿ ಬೇಕು.

ಸಾಮಾನ್ಯ ನೋಂದಣಿಯಾದ ಮೇಲೆ ಲೆಕ್ಕ ಬದಲಾಗುತ್ತದೆ. ಕೊಟ್ಟ 37 ರೂ. ತೆರಿಗೆ ಕ್ರೆಡಿಟ್ ಆಗಿ ಸಿಗುವುದರಿಂದ ಅಸಲು 763. ಅದನ್ನು 0.70ರಿಂದ ಭಾಗಿಸಿದರೆ 1,090, ಅದರ ಮೇಲೆ ಶೇ 5 ಸೇರಿಸಿದರೆ 1,144.50. ಅಂದರೆ ಚೀಟಿಯ ಬೆಲೆ 1,145 ಹಾಗೇ ಇರಬಹುದು, ಗಿರಾಕಿಗೆ ಹೊರೆ ಬೀಳುವುದಿಲ್ಲ. ಆದರೆ 1,145ರಲ್ಲಿ 763 ಕಳೆದು ‘382 ಲಾಭ, ಶೇ 33’ ಎಂದು ಹಿಗ್ಗಬೇಡಿ. ಅದರಲ್ಲಿ 54 ರೂ. 50 ಪೈಸೆ ಸರ್ಕಾರದ್ದು. ತೆರಿಗೆ ಹೊರತುಪಡಿಸಿದ ಬೆಲೆಯ ಮೇಲೆ ನೋಡಿದರೆ ನಿಮ್ಮ ಮಾರ್ಜಿನ್ ಶೇ 30 ಮಾತ್ರ. ತೆರಿಗೆ ಸೇರಿದ ಬೆಲೆಗೆ ತೆರಿಗೆ ಇಲ್ಲದ ಅಸಲನ್ನು ಹೋಲಿಸುವ ಈ ತಪ್ಪನ್ನು ಹೊಸದಾಗಿ ನೋಂದಣಿ ಮಾಡಿಸಿದವರು ಮೇಲಿಂದ ಮೇಲೆ ಮಾಡುತ್ತಾರೆ. ರಿಟರ್ನ್ ಸಲ್ಲಿಸುವ ತಿಂಗಳು ಕೈ ಬಿಗಿಯಾದಾಗಲೇ ಅದು ಗೊತ್ತಾಗುವುದು.

ದಸರಾ ರಿಯಾಯಿತಿಗೆ ಬರೋಣ. ‘ಶೇ 30 ಹಾಕಿದ್ದೇನೆ, ಶೇ 20 ಬಿಟ್ಟರೂ ಶೇ 10 ಉಳಿಯುತ್ತದೆ’ ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ಬೋರ್ಡು ಬರೆಸಬೇಡಿ. ರಿಯಾಯಿತಿ ಇಳಿಯುವುದು ಮಾರಾಟ ಬೆಲೆಯಿಂದ. 1,040ರ ಶೇ 20 ಅಂದರೆ 208. ಸೀರೆ 832ಕ್ಕೆ ಹೋಗುತ್ತದೆ, ನಿಮಗೆ ಉಳಿಯುವುದು 32 ರೂ. ಮೊದಲಿನಷ್ಟೇ ದುಡ್ಡು ನೋಡಬೇಕಾದರೆ ಏಳೂವರೆ ಪಟ್ಟು ಸೀರೆ ಮಾರಬೇಕು, ಅಂದರೆ ತಿಂಗಳಿಗೆ ಎರಡು ಸಾವಿರದ ನೂರೈವತ್ತಕ್ಕೂ ಹೆಚ್ಚು. ಯಾವ ದಸರಾವೂ ಅಷ್ಟು ಗಿರಾಕಿಗಳನ್ನು ತರುವುದಿಲ್ಲ. ಅಸಲಿನ ಮೇಲೆ ಶೇ 30 ಹಾಕಿ ಶೇ 30 ರಿಯಾಯಿತಿ ಕೊಟ್ಟವರು ‘ಲಾಭವೂ ಇಲ್ಲ ನಷ್ಟವೂ ಇಲ್ಲ’ ಎಂದುಕೊಳ್ಳುತ್ತಾರೆ, ವಾಸ್ತವದಲ್ಲಿ ಸೀರೆ 728ಕ್ಕೆ ಹೋಗಿ ಒಂದೊಂದರಲ್ಲೂ 72 ರೂ. ಕಳೆದುಕೊಂಡಿರುತ್ತಾರೆ.

1,145ರ ಬೆಲೆಯಲ್ಲಾದರೆ ಶೇ 10 ರಿಯಾಯಿತಿ ತಾಳಿಕೊಳ್ಳಬಹುದು. ಸೀರೆ ಸುಮಾರು 1,030ಕ್ಕೆ ಹೋಗುತ್ತದೆ, 230 ಉಳಿಯುತ್ತದೆ, ಇದು ಹೆಚ್ಚುಕಡಿಮೆ ಈಗಿನ ಲಾಭವೇ. ಶೇ 20ನ್ನು ಆರು ತಿಂಗಳಿಂದ ಕದಲದೆ ಕೂತ ಸೀರೆಗಳಿಗಷ್ಟೇ ಇಡಿ. ಹಬ್ಬಕ್ಕೆ ಮುಂಚೆ ಚೀಟಿ ಬದಲಿಸಿ 1,430 ಎಂದು ಬರೆದು ಆಮೇಲೆ ಶೇ 20 ಬಿಡುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಹಿಂದಿನ ವಾರದ ಬೆಲೆ ಕಾಯಂ ಗಿರಾಕಿಗೆ ಚೆನ್ನಾಗಿ ನೆನಪಿರುತ್ತದೆ.

ರಿಯಾಯಿತಿ ಇಲ್ಲದಿದ್ದರೂ ಉಳಿಕೆ ಮಾಲು ಮಾರ್ಜಿನ್ ತಿನ್ನುತ್ತದೆ. 40 ಸೀರೆಯ ಪಾರ್ಸಲ್‌ನಲ್ಲಿ 36 ಮಾತ್ರ 1,145ಕ್ಕೆ ಹೋಗಿ, ಬಣ್ಣ ಹಿಡಿಸದ 4 ಸೀರೆಯನ್ನು 600ರಂತೆ ಕೊಟ್ಟಿರಿ ಎನ್ನೋಣ. ಬಂದದ್ದು 43,620, ಅಸಲು 32,000. ಮಾರ್ಜಿನ್ ಶೇ 26.6. ಪ್ರತಿ ಪಾರ್ಸಲ್‌ನಲ್ಲೂ ಹೀಗೆ ನಾಲ್ಕು ಉಳಿಯುವುದು ಖಚಿತವಾದರೆ ಮೊದಲೇ 1,205 ಬರೆಯಬೇಕು, ಆಗಲೇ ಇಡೀ ಪಾರ್ಸಲ್‌ಗೆ ಶೇ 30 ಸಿಗುವುದು.

ಕೊನೆಯದಾಗಿ, ಮಾಲು ಕೊಡುವವರು ‘ಮಾರ್ಜಿನ್ ಶೇ 25’ ಎಂದಾಗ ಯಾವ ಬೆಲೆಯ ಮೇಲೆ ಎಂದು ಕೇಳಿ. ಎಂಆರ್‌ಪಿ 100 ಇರುವ ವಸ್ತುವನ್ನು 75ಕ್ಕೆ ಕೊಟ್ಟರೂ ಈ ಮಾತು ಹೇಳಬಹುದು, 80ಕ್ಕೆ ಕೊಟ್ಟರೂ ಹೇಳಬಹುದು. ಸರ್ಕಾರದ ಕಾಗದದಲ್ಲೂ ಇದೇ ಕಥೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಗರಿಷ್ಠ ಬೆಲೆ ಕಟ್ಟುವಾಗ ಚಿಲ್ಲರೆ ವ್ಯಾಪಾರಿಗೆ ಶೇ 16 ‘ಮಾರ್ಜಿನ್’ ಸೇರಿಸುತ್ತದೆ, ಆದರೆ ಆ ಶೇ 16 ಹಾಕುವುದು ವ್ಯಾಪಾರಿ ಕೊಳ್ಳುವ ಸರಾಸರಿ ಬೆಲೆಯ ಮೇಲೆ. ಮಾರಾಟ ಬೆಲೆಯ ಮೇಲೆ ಅದು ಶೇ 13.8. ಆದ್ದರಿಂದ ಸಗಟು ವ್ಯಾಪಾರಿಯೊಡನೆ ಶೇಕಡಾ ಬಿಟ್ಟು ರೂಪಾಯಿಯಲ್ಲೇ ಮಾತಾಡಿ: ನನಗೆ ಎಷ್ಟಕ್ಕೆ ಬೀಳುತ್ತದೆ, ನಾನು ಎಷ್ಟಕ್ಕೆ ಮಾರಬಹುದು. ಉಳಿದ ಭಾಗಾಕಾರ ನಿಮ್ಮ ಅಂಗಡಿಯಲ್ಲೇ ಆಗಲಿ.